ಓಣಂ ಸದ್ಯ ಪಾರ್ಸೆಲ್: ಮುಂಗಡ ಆರ್ಡರ್ ಪ್ರಕಟಣೆಯಲ್ಲಿ ಏನಿರಬೇಕು

ತಿರುವೋಣಂ ದಿನದ ಬಾಳೆಎಲೆ ಊಟವಾದ 'ಸದ್ಯ'ಕ್ಕೆ ಆರ್ಡರ್ ತೆಗೆದುಕೊಳ್ಳುವ ಅಡುಗೆಮನೆಯವರು ಪ್ರಕಟಣೆಯಲ್ಲಿ 'ಇಪ್ಪತ್ತೈದು ಬಗೆ' ಎಂದಷ್ಟೇ ಬರೆದರೆ ಸಾಲದು, ಅಳತೆಯನ್ನೂ ಬರೆಯಿರಿ. ನಾಲ್ಕು ಜನರ ಪಾರ್ಸೆಲ್ ಅಂದರೆ ಸುಮಾರು 400 ಗ್ರಾಂ ಮಟ್ಟಾ ಅಕ್ಕಿ ಬೇಯಿಸಿದ ಅನ್ನ, 600 ಮಿ.ಲೀ. ಸಾಂಬಾರ್, 300 ಮಿ.ಲೀ. ಪರಿಪ್ಪು, ಪ್ರತಿ ಪಾಯಸವೂ ಅರ್ಧ ಲೀಟರ್. ಜಗಳ ಬರುವುದು ಹೆಚ್ಚಾಗಿ ಪಾಯಸದ ವಿಷಯಕ್ಕೇ.

ಆರ್ಡರ್ ಮೂರು ದಿನ ಮೊದಲೇ ಮುಗಿಸಿ, ಅರ್ಧ ಹಣ ಮುಂಗಡ ಪಡೆಯಿರಿ. ಬಾಳೆಎಲೆ, ನೇಂದ್ರ ಬಾಳೆಕಾಯಿ ಎರಡಕ್ಕೂ ಹಬ್ಬದ ಹೊತ್ತಿಗೆ ಬೇಡಿಕೆ ಏರುತ್ತದೆ. ಚಿಪ್ಸ್, ಶರ್ಕರ ಉಪ್ಪೇರಿ, ಇಂಜಿಪುಳಿ ಮಾತ್ರ ಮೊದಲೇ ಮಾಡಿಡಬಹುದು.

ಎಲ್ಲಕ್ಕಿಂತ ಮುಖ್ಯ, ಪಾರ್ಸೆಲ್ ಒಯ್ಯುವ ಸಮಯ. ಅವಿಯಲ್‌ನಲ್ಲಿ ತೆಂಗಿನಕಾಯಿ, ಮೊಸರು ಇರುತ್ತದೆ, ಓಲನ್‌ನಲ್ಲಿ ಕಾಯಿಹಾಲು. ಬಿಸಿಬಿಸಿ ತುಂಬಿ ತಕ್ಷಣ ಮುಚ್ಚಳ ಹಾಕಿದರೆ ಹಬೆ ನೀರಾಗಿ ಒಳಗೇ ಇಳಿಯುತ್ತದೆ, ಸೆಕೆಗೆ ಬೇಗ ಹುಳಿಯಾಗುತ್ತದೆ. ಅಗಲ ತಟ್ಟೆಯಲ್ಲಿ ಹಬೆ ಆರಿಸಿ ತುಂಬಿ. ಮುಚ್ಚಳ ತೆಗೆದಾಗ ನೊರೆಯೋ ಹುಳಿವಾಸನೆಯೋ ಬಂದರೆ ಬಡಿಸಬೇಡಿ. '10ರಿಂದ 11:30ರೊಳಗೆ ಒಯ್ಯಿರಿ, ಮಧ್ಯಾಹ್ನ 2 ಗಂಟೆಯೊಳಗೆ ಊಟ ಮಾಡಿ' ಎಂದು ದಪ್ಪ ಅಕ್ಷರದಲ್ಲಿ ಹಾಕಿ.

ಪಾಲಡ ಪಾಯಸ ಆರಿದರೆ ಗಟ್ಟಿಯಾಗುತ್ತದೆ, ಸ್ವಲ್ಪ ತೆಳ್ಳಗಿರುವಾಗಲೇ ಇಳಿಸಿ. ಹಪ್ಪಳ ಬೇರೆ ಕವರ್‌ನಲ್ಲಿರಲಿ. ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಬೇಕೆಂದು ಒಂದು ಚೀಟಿಯಲ್ಲಿ ಬರೆದು ಕಳಿಸಿ, ಮೊದಲ ಸಲ ತರಿಸುವವರಿಗೆ ಉಪಯೋಗವಾಗುತ್ತದೆ.