ಕೇಂದ್ರಕೋನದ ಅರ್ಧ: ಕಳೆಯುವ ಚಿತ್ರದಿಂದ ಶುರು ಮಾಡಿದ ನನ್ನ ಅನುಭವ

ವೃತ್ತದ ಕಂಸ AB ಕೇಂದ್ರ O ದಲ್ಲಿ ಎಷ್ಟು ಕೋನ ಮಾಡುತ್ತದೋ, ಉಳಿದ ಪರಿಧಿಯ ಮೇಲಿನ ಯಾವುದೇ ಬಿಂದು P ಯಲ್ಲಿ ಅದರ ಅರ್ಧ ಮಾಡುತ್ತದೆ. ಈ ಪ್ರಮೇಯವನ್ನು ನಾವು ಮೇಷ್ಟ್ರುಗಳೆಲ್ಲ ಹೇಳಿಕೊಡುವುದು ಒಂದೇ ಚಿತ್ರದಿಂದ. ಕೇಂದ್ರ O ಪರಿಧಿಯ ಮೇಲಿನ ಕೋನದ ಎರಡು ಬಾಹುಗಳ ನಡುವೆ ಆರಾಮಾಗಿ ಕೂತಿರುತ್ತದೆ. ಮಕ್ಕಳು ಉರು ಹೊಡೆದು ಬರೆಯುತ್ತಾರೆ, ಅಂಕವೂ ಬೀಳುತ್ತದೆ. ಅದೇ P ಬಿಂದುವನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ ಕೊಡಿ, ಮುಕ್ಕಾಲು ತರಗತಿ ಪೆನ್ನು ಕೆಳಗಿಡುತ್ತದೆ. ಕೇಂದ್ರ ಕೋನದ ಹೊರಗೆ ಬೀಳುವ ಆ ಚಿತ್ರದಿಂದಲೇ ಶುರು ಮಾಡುತ್ತೇನೆ ಅಂದಾಗ ಜೊತೆಯವರು ನಕ್ಕರು. ಸುಲಭದ್ದೇ ತಲೆಗೆ ಹತ್ತದವರಿಗೆ ಕಷ್ಟದ್ದು ಯಾಕೆ ಅಂದರು. ಈಗ ಅವರಲ್ಲಿ ಇಬ್ಬರು ಇದೇ ದಾರಿಯಲ್ಲಿ ಪಾಠ ಮಾಡುತ್ತಿದ್ದಾರೆ, ನನಗೆ ಹೇಳದೆ!

ಇದಕ್ಕೆ ಮುಂಚೆ ಅಳತೆಯ ದಾರಿ ನೋಡಿಯಾಗಿತ್ತು. ಬಡಗಿಯಿಂದ ಹಲಗೆ ಮಾಡಿಸಿ, ವೃತ್ತದ ಸುತ್ತ ಮೊಳೆ ಹೊಡೆಸಿ, ರಬ್ಬರ್ ಬ್ಯಾಂಡ್ ಸಿಕ್ಕಿಸಿದ್ದೆ. ಕೈಯಿಂದ ಹಾಕಿದ ದುಡ್ಡು ದಂಡವಾಯಿತು. ಮೊಳೆಯ ದಪ್ಪಕ್ಕೇ ಕೋನ ಎರಡು ಮೂರು ಡಿಗ್ರಿ ತಪ್ಪುತ್ತಿತ್ತು. P ಬಿಂದು A ಹತ್ತಿರ ಬಂದರಂತೂ ಬಾಹು ಗಿಡ್ಡವಾಗಿ ಕೋನಮಾಪಕ ಕೂರುವುದೇ ಇಲ್ಲ. ಅಳತೆ ಸರಿಯಾಗಿ ಬಂದ ದಿನವೂ ‘ಅರ್ಧವೇ ಯಾಕೆ’ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತಿತ್ತು.

ಆ ಅರ್ಧ ಹುಟ್ಟುವುದು ಒಂದೇ ಕಡೆ. P ಯಿಂದ O ಮೂಲಕ ಗೆರೆ ಎಳೆದು ಆಚೆ ಪರಿಧಿಯ Q ತನಕ ಒಯ್ಯಿರಿ. OP, OA ಎರಡೂ ತ್ರಿಜ್ಯ, ಹಾಗಾಗಿ OPA ತ್ರಿಭುಜದಲ್ಲಿ P ಮತ್ತು A ಹತ್ತಿರದ ಕೋನಗಳು ಸಮ. AOQ ಅದೇ ತ್ರಿಭುಜದ ಬಾಹ್ಯಕೋನ, ಆ ಎರಡು ಸಮ ಕೋನಗಳ ಮೊತ್ತ. ಅಂದರೆ APQ ನ ಎರಡರಷ್ಟು. B ಕಡೆಗೂ ಇದೇ ಮಾತು. ಉಳಿದದ್ದೆಲ್ಲ ಬರೀ ಕೂಡುವುದು, ಕಳೆಯುವುದು.

ನಾನು ಬೋರ್ಡಿನ ಮೇಲೆ ಹಾಕುವುದು 80 ಡಿಗ್ರಿಯ ಕಂಸ AB. ಅದನ್ನು Q ಯ ಒಂದೇ ಪಕ್ಕಕ್ಕೆ ಇಡುತ್ತೇನೆ: QOA 30, QOB 110. ಹಾಗಾದರೆ P ಹತ್ತಿರ QPA 15, QPB 55. ನಮಗೆ ಬೇಕಾದ APB ಅಂದರೆ 55 ರಲ್ಲಿ 15 ಕಳೆದು 40. ಕೇಂದ್ರದಲ್ಲೂ 110 ರಲ್ಲಿ 30 ಕಳೆದೇ 80 ಬಂದಿದೆ. ಇಲ್ಲಿ ಗುಟ್ಟು ಏನೆಂದರೆ ಎರಡು ತ್ರಿಭುಜಗಳು ಒಂದರ ಮೇಲೊಂದು ಬಿದ್ದಿರುತ್ತವೆ, ಮಕ್ಕಳ ಕಣ್ಣು ಕಟ್ಟುವುದು ಅದೇ. ಎರಡು ಬಣ್ಣದ ಚಾಕ್ ಬೇಕು. ಯಾವುದನ್ನು ಮೊದಲು ಬಳಿಯುತ್ತೇನೆ ಅನ್ನುವುದು ನನ್ನಲ್ಲೇ ಇರಲಿ, ನೀವೇ ಒಮ್ಮೆ ಮಾಡಿದರೆ ಸಿಕ್ಕಿಬಿಡುತ್ತದೆ. ಇದಾದ ಮೇಲೆ Q ಯನ್ನು A, B ಗಳ ನಡುವೆ ತಂದು 50, 30 ಅಂತ ಕೊಟ್ಟರೆ, 25 ಮತ್ತು 15 ಕೂಡಿ 40 ಅಂತ ಅವರೇ ಕೂಗುತ್ತಾರೆ. ಪುಸ್ತಕದ ಚಿತ್ರಕ್ಕೆ ನಾನು ಖರ್ಚು ಮಾಡುವುದು ಐದು ನಿಮಿಷವೂ ಇಲ್ಲ. ಯೂಕ್ಲಿಡ್ ಕೂಡ 3ನೇ ಪುಸ್ತಕದ 20ನೇ ಪ್ರಮೇಯದಲ್ಲಿ ಈ ಎರಡೂ ಚಿತ್ರಗಳನ್ನು ತೋರಿಸಿದ್ದಾನೆ, ಒಳಗಿನದು ಮೊದಲು. ಆ ಕ್ರಮದಲ್ಲಿ ಅವನ ಜೊತೆ ನನಗೆ ಜಗಳವಿದೆ.

ಎಡವುವ ಜಾಗ ಇನ್ನೊಂದಿದೆ. ಯಾರಾದರೂ P ಯನ್ನು ಚಿಕ್ಕ ಕಂಸದ ಮೇಲೆಯೇ, A ಮತ್ತು B ನಡುವೆ ಇಟ್ಟು, 140 ಬಂತು, ಪ್ರಮೇಯ ಸುಳ್ಳು ಅನ್ನುತ್ತಾರೆ. ಸುಳ್ಳಲ್ಲ. ಅಲ್ಲಿಂದ P ನೋಡುತ್ತಿರುವುದು ಆಚೆ ಕಡೆಯ ದೊಡ್ಡ ಕಂಸವನ್ನು, ಅದರ ಕೇಂದ್ರಕೋನ 280. Q ಈಗ ಆ ದೊಡ್ಡ ಕಂಸದ ಮೇಲೆ ಬೀಳುವುದರಿಂದ ತ್ರಿಭುಜದ ವಾದ ಒಂದಕ್ಷರವೂ ಬದಲಾಗುವುದಿಲ್ಲ. ನನ್ನ ಗುರುತು ಇಷ್ಟೇ: P ಹತ್ತಿರದ ಕೋನ 90 ದಾಟಿದ್ದರೆ ಕೇಂದ್ರದಲ್ಲಿ 180 ದಾಟಿದ ಕೋನವನ್ನು ಹುಡುಕಬೇಕು.

ಮಧ್ಯೆ ಒಂದು ಆಟವನ್ನೂ ಆಡಿಸಿದೆ, ಇದಕ್ಕೆ ಖರ್ಚು ಹಳೆಯ ರಟ್ಟು ಮಾತ್ರ. ಎರಡು ಗುಂಡುಸೂಜಿ ಚುಚ್ಚಿ, 40 ಡಿಗ್ರಿ ಮೂಲೆ ಕತ್ತರಿಸಿದ ರಟ್ಟಿನ ಎರಡು ಅಂಚೂ ಸೂಜಿಗಳಿಗೆ ಒತ್ತಿಕೊಂಡೇ ಇರುವ ಹಾಗೆ ಸರಿಸಬೇಕು. ತುದಿಯಲ್ಲಿ ಪೆನ್ಸಿಲ್ ಹಿಡಿದರೆ ದೊಡ್ಡ ಕಂಸ ತಾನಾಗಿ ಮೂಡುತ್ತದೆ. ಸೂಜಿಗಳ ಆಚೆ ಬದಿಗೂ ಅದೇ ರಟ್ಟನ್ನು ಹಾಕಿದರೆ ವೃತ್ತ ಕೂಡುವುದಿಲ್ಲ, ಎರಡು ದೊಡ್ಡ ಕಂಸ ಅಂಟಿದ ಉಬ್ಬಿದ ಆಕಾರ ಬರುತ್ತದೆ. ಏನು ಮಾಡಬೇಕು ಅಂತ ನಾನು ಹೇಳಲಿಲ್ಲ. ಹಿಂದಿನ ಬೆಂಚಿನವನೊಬ್ಬ ಸುಮ್ಮನೆ ಎದ್ದು 140 ರ ಮೂಲೆ ಕತ್ತರಿಸಿಕೊಂಡು ಬಂದ, ವೃತ್ತ ಮುಚ್ಚಿಕೊಂಡಿತು.