ವೈ-ಫೈ ಚಾನೆಲ್: ಖಾಲಿ ಕಂಡ ಜಾಗವೆಲ್ಲ ಖಾಲಿಯಲ್ಲ

ತುಮಕೂರಿನ ಎಸ್.ಎಸ್. ಪುರಂನಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳೇ ಹೆಚ್ಚು. ಅಲ್ಲಿನ ನೆಂಟರ ಮನೆಯಲ್ಲಿ ರಾತ್ರಿಯಾದರೆ ವೈ-ಫೈ ತೆವಳುತ್ತಿತ್ತು. ಅವರು ಸುತ್ತಲಿನ ವೈ-ಫೈ ಸಂಕೇತಗಳನ್ನು ನಕ್ಷೆಯಲ್ಲಿ ತೋರಿಸುವ ಅನಲೈಸರ್ ಆ್ಯಪ್ ನೋಡಿ, ರೂಟರ್ ಮಾತನಾಡುವ ರೇಡಿಯೊ ದಾರಿಗಳಲ್ಲಿ, ಅಂದರೆ ಚಾನೆಲ್‌ಗಳಲ್ಲಿ, ಖಾಲಿ ಕಂಡ 8ನೆಯದನ್ನು ಆರಿಸಿದ್ದರು. ಇದೇ ತಪ್ಪನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ.

ಮೊದಲು ಆಂಡ್ರಾಯ್ಡ್ ಮೊಬೈಲಿನಲ್ಲಿ ಯಾವುದಾದರೂ ಉಚಿತ ವೈ-ಫೈ ಅನಲೈಸರ್ ಹಾಕಿಕೊಳ್ಳಿ. ರಾತ್ರಿ ಎಂಟು ಗಂಟೆಯ ಸುಮಾರಿಗೆ, ನೀವು ಕುಳಿತು ಬಳಸುವ ಜಾಗದಲ್ಲೇ ನಿಂತು 2.4 GHz ನಕ್ಷೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ರೂಟರ್ ಪಕ್ಕದಲ್ಲಿ ನಿಂತು ತೆಗೆಯಬೇಡಿ.

ಇನ್ನು ಅದನ್ನು ಓದುವ ಕೆಲಸ. ಒಂದೊಂದು ಕಮಾನೂ ಒಂದೊಂದು ರೂಟರ್. ನಿಮ್ಮದನ್ನು ಲೆಕ್ಕದಿಂದ ಬಿಡಿ. ಕಮಾನಿನ ತುದಿ ಒಂದು ಚಾನೆಲ್ ಮೇಲಿದ್ದರೂ ಅದರ ಪಾದಗಳು ಎರಡೂ ಬದಿಗೆ ಎರಡೆರಡು ಚಾನೆಲ್‌ಗಳಷ್ಟು ಚಾಚಿರುತ್ತವೆ. ಆದ್ದರಿಂದ 1ರಿಂದ 11ರವರೆಗಿನ ಚಾನೆಲ್‌ಗಳಲ್ಲಿ ಒಂದರ ಮೇಲೊಂದು ಬೀಳದಂತೆ ಒಟ್ಟಿಗೆ ಕೂರಬಲ್ಲ ಮೂರು ಎಂದರೆ 1, 6, 11 ಮಾತ್ರ. ನೆಂಟರು ಆರಿಸಿದ 8ರಲ್ಲಿ ಯಾರ ತುದಿಯೂ ಇರಲಿಲ್ಲ, ನಿಜ. ಆದರೆ 6ರಿಂದ 10ರವರೆಗೆ ಚಾಚಿದ ಅವರ ಕಮಾನಿನೊಳಕ್ಕೆ 6 ಮತ್ತು 11ರ ಪಾದಗಳೆರಡೂ ಬರುತ್ತಿದ್ದವು. ಒಂದೇ ಚಾನೆಲಿನ ರೂಟರ್‌ಗಳು ಪರಸ್ಪರ ಕೇಳಿಸಿಕೊಂಡು ಸರದಿಯಂತೆ ಮಾತನಾಡುತ್ತವೆ. ಅರ್ಧಂಬರ್ಧ ಮೇಲೆ ಬಿದ್ದವಕ್ಕೆ ಪಕ್ಕದವರ ಮಾತು ಬರೀ ಗದ್ದಲ. ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸಬೇಕಾಗುತ್ತದೆ.

ಮೂರರಲ್ಲಿ ಯಾವುದು? ಕಮಾನುಗಳನ್ನು ಎಣಿಸಬೇಡಿ, ಎತ್ತರ ನೋಡಿ. ಎತ್ತರವನ್ನು dBm ಎಂಬ ಋಣ ಅಂಕಿಯಲ್ಲಿ ಬರೆದಿರುತ್ತಾರೆ: -48 ಎಂದರೆ ಬಲವಾದ ಸಂಕೇತ, -88 ಎಂದರೆ ಕ್ಷೀಣ. ಹತ್ತು ಅಂಕಿ ಇಳಿದರೆ ಬಲ ಹತ್ತರಲ್ಲೊಂದು ಪಾಲಾಗುತ್ತದೆ. ಆ ಮನೆಯಲ್ಲಿ 1ರ ಮೇಲೆ ಮೂರು ರೂಟರ್‌ಗಳಿದ್ದು, ಅತಿ ಎತ್ತರದ್ದು -48. 11ರ ಮೇಲೆ ಎರಡೇ, ಆದರೆ ಒಂದು -55. 6ರ ಮೇಲೆ ಐದಿದ್ದರೂ ಎಲ್ಲವೂ -84ಕ್ಕಿಂತ ಕೆಳಗೆ. ಅಷ್ಟು ಕ್ಷೀಣವಾದವು ನಮ್ಮ ರೂಟರನ್ನು ಸರದಿಗಾಗಿ ಕಾಯುವಂತೆ ಮಾಡುವುದು ಕಡಿಮೆ. ಐದು ಜನರ ಗುಂಪನ್ನು ಕಂಡು ಹೆದರದೆ 6 ಆರಿಸಿದೆವು.

ಆ್ಯಪ್ ಕೊಡುವ ನಕ್ಷತ್ರಗಳನ್ನು ನಂಬಬೇಡಿ. 3, 9 ಎಂಬ ನಡುವಿನ ಚಾನೆಲ್‌ಗಳಿಗೂ ಕೆಲವು ಆ್ಯಪ್‌ಗಳು ಐದು ನಕ್ಷತ್ರ ಕೊಡುತ್ತವೆ. 12, 13 ನಮ್ಮ ದೇಶದಲ್ಲಿ ಬಳಸಬಹುದಾದರೂ ಕೆಲವು ಲ್ಯಾಪ್‌ಟಾಪ್‌ಗಳಿಗೆ ಅವು ಕಾಣಿಸುವುದಿಲ್ಲ. ವೇಗ ಹೆಚ್ಚಿಸುವುದಾಗಿ ಹೇಳುವ ‘ಬೂಸ್ಟರ್’ ಆ್ಯಪ್‌ಗಳಿಗೆ ಬಿಡಿಗಾಸೂ ಕೊಡಬೇಡಿ. ಅವು ರೂಟರಿನ ಚಾನೆಲನ್ನು ಬದಲಿಸುವುದಿಲ್ಲ.

ಬದಲಾಯಿಸುವುದು ಸುಲಭ. ಬ್ರೌಸರಿನಲ್ಲಿ ರೂಟರಿನ ವಿಳಾಸ (ಸಾಮಾನ್ಯವಾಗಿ 192.168.1.1) ತೆರೆದು, Wireless ಪುಟದಲ್ಲಿ Channel ಎದುರಿನ Auto ತೆಗೆದು ನೀವು ಆರಿಸಿದ ಅಂಕಿ ಹಾಕಿ ಉಳಿಸಿ. ಅಲ್ಲೇ Channel Width ಅನ್ನು 20 MHz ಮಾಡಿ. 40 ಇದ್ದರೆ ನಿಮ್ಮ ಕಮಾನೇ ಅಗಲವಾಗಿ ಪಕ್ಕದ ಚಾನೆಲ್‌ಗಳಿಗೂ ಹಬ್ಬುತ್ತದೆ; ಇಷ್ಟೆಲ್ಲ ಲೆಕ್ಕ ಹಾಕಿದ್ದು ವ್ಯರ್ಥ.

ಮರುದಿನ ರಾತ್ರಿ ಅದೇ ಜಾಗದಲ್ಲಿ ಇನ್ನೊಂದು ಸ್ಕ್ರೀನ್‌ಶಾಟ್ ತೆಗೆದು, ನಿಮ್ಮ ಕಮಾನಿನ ತುದಿ ನೀವು ಆರಿಸಿದ ಚಾನೆಲ್ ಮೇಲೆಯೇ ಇದೆಯೇ ನೋಡಿ. ಬೇರೆಡೆ ಇದ್ದರೆ ಬದಲಾವಣೆ ಉಳಿದಿಲ್ಲ. ಪುಟವನ್ನು ಮತ್ತೆ ತೆರೆದು Auto ಹೋಗಿದೆಯೇ ಪರೀಕ್ಷಿಸಿ.