ಶೀರ್ಷಿಕೆ ನನ್ನ ಕಣ್ಣಿಗೆ ಮಾತ್ರ ಕಾಣುತ್ತಿತ್ತು

ಸೈಕಲ್ ನಿರ್ವಹಣೆ ಬಗ್ಗೆ ಒಂದು ಎಪಿಸೋಡ್ ಮಾಡಿದ್ದೆ. ಒಬ್ಬನೇ ಮಾತಾಡೋ ಪಾಡ್‌ಕಾಸ್ಟ್. ಕೇಳಿದ ಗೆಳೆಯ ಫೋನ್ ಮಾಡಿ, "ಎಣ್ಣೆ ಬಿಟ್ಟ ಮೇಲೆ ಚೈನ್ ಯಾಕೆ ಬಿಗಿ ಮಾಡಬೇಕು?" ಅಂದ. ನಾನು ಹಾಗೆ ಹೇಳೇ ಇರಲಿಲ್ಲ. ಬಿಗಿ ಮಾಡಬೇಕು ಅಂದಿದ್ದು ಬ್ರೇಕ್ ಕೇಬಲ್ಲನ್ನು.

ಸ್ಕ್ರಿಪ್ಟ್ ತೆಗೆದು ನೋಡಿದೆ. ಚೈನ್ ಭಾಗ ಮುಗಿದ ಕೂಡಲೇ ದಪ್ಪ ಅಕ್ಷರದಲ್ಲಿ "ಬ್ರೇಕ್" ಅಂತ ಶೀರ್ಷಿಕೆ ಇದೆ. ಕೆಳಗಿನ ಮೊದಲ ಸಾಲು: "ಆಮೇಲೆ ಸ್ವಲ್ಪ ಬಿಗಿ ಮಾಡಿಕೊಳ್ಳಿ." ಶೀರ್ಷಿಕೆಯನ್ನು ನಾನು ನೋಡಿದ್ದೆ, ಗಟ್ಟಿಯಾಗಿ ಓದಿರಲಿಲ್ಲ. ಏನನ್ನು ಬಿಗಿ ಮಾಡಬೇಕು ಅಂತ ಹೇಳದಿದ್ದರೂ ಕನ್ನಡದಲ್ಲಿ ವಾಕ್ಯ ಸರಿಯಾಗೇ ಕೇಳುತ್ತೆ, ಅಲ್ವಾ? ಬಿಟ್ಟುಹೋದ ಪದದ ಜಾಗಕ್ಕೆ ಕೇಳುಗ ಹಿಂದಿನ ವಿಷಯವನ್ನೇ ಕೂರಿಸಿಕೊಳ್ಳುತ್ತಾನೆ. ಅದರ ಮೇಲೆ "ಆಮೇಲೆ" ಬೇರೆ. ಅದು ಹೊಸ ಕೆಲಸ ಅನ್ನಿಸುವುದಿಲ್ಲ, ಅದೇ ಕೆಲಸದ ಮುಂದಿನ ಹಂತ ಅನ್ನಿಸುತ್ತದೆ.

ಆ ಜಾಗವನ್ನು ಮತ್ತೆ ರೆಕಾರ್ಡ್ ಮಾಡಿದ್ದು ಹೀಗೆ:

"ಒರೆಸಿ, ಎಣ್ಣೆ ಬಿಟ್ಟು, ಜಾಸ್ತಿಯಾದದ್ದನ್ನು ಮತ್ತೆ ಒರೆಸಿದರೆ ಚೈನಿನ ಕೆಲಸ ಮುಗೀತು. ಈಗ ಸೈಕಲ್ ಸಲೀಸಾಗಿ ಓಡುತ್ತೆ. ಆದರೆ ನಿಲ್ಲಬೇಕಲ್ಲ? ಬ್ರೇಕ್ ನೋಡೋಣ. ಬ್ರೇಕ್ ಕೇಬಲ್ ಸಡಿಲ ಆಗಿದ್ದರೆ..."

ಮೊದಲು ಹಳೇ ವಿಷಯಕ್ಕೆ ಬಾಗಿಲು ಹಾಕಿದೆ. ಓಡುವುದರಿಂದ ನಿಲ್ಲುವುದಕ್ಕೆ ಒಂದು ಕೊಂಡಿ ಇಟ್ಟೆ. ಹೊಸ ವಿಷಯದ ಹೆಸರನ್ನು ಬೇಕಂತಲೇ ಎರಡು ಸಲ ಹೇಳಿದೆ. ಬರಹದಲ್ಲಿ ಇದು ಪುನರುಕ್ತಿ. ಪಾತ್ರೆ ತೊಳೆಯುತ್ತಾ ಕೇಳುವವರಿಗೆ ಮೊದಲನೆಯದು ನಲ್ಲಿ ಸದ್ದಿನಲ್ಲಿ ಹೋದರೂ ಎರಡನೆಯದು ಸಿಗುತ್ತದೆ. "ಈಗ ಮುಂದಿನ ಭಾಗಕ್ಕೆ ಹೋಗೋಣ" ಅಂತಲೂ ಹಿಂದೆ ಹೇಳುತ್ತಿದ್ದೆ. ಹೋಗುತ್ತೀವಿ ಅಂತ ಗೊತ್ತಾಗುತ್ತೆ, ಎಲ್ಲಿಗೆ ಅಂತ ಗೊತ್ತಾಗಲ್ಲ.

ಮೊದಲೆಲ್ಲ ಭಾಗಗಳ ನಡುವೆ ಒಂದೂವರೆ ಸೆಕೆಂಡ್ ಸುಮ್ನಿದ್ದರೆ ಸಾಕು ಅಂದುಕೊಂಡಿದ್ದೆ. ಆದರೆ ಒಂದೂವರೆ ಪಟ್ಟು ವೇಗದಲ್ಲಿ ಕೇಳುವವರಿಗೆ ಒಂದೂವರೆ ಸೆಕೆಂಡಿನ ಮೌನ ಒಂದೇ ಸೆಕೆಂಡ್ ಆಗುತ್ತದೆ. ಕೆಲವು ಆಪ್‌ಗಳು ಮೌನವನ್ನೇ ಕತ್ತರಿಸುತ್ತವೆ. ಹಾಗಾಗಿ ಮೌನ ಇಟ್ಟರೂ ಅದನ್ನೇ ನಂಬಿಕೊಳ್ಳುವುದಿಲ್ಲ. ಆ ಜಾಗದಲ್ಲಿ ಪೂರ್ತಿ ಸದ್ದಡಗಿಸುವುದೂ ಇಲ್ಲ. ಹಾಗೆ ಮಾಡಿದರೆ ಪ್ಲೇಯರ್ ನಿಂತೇಹೋಯಿತಾ ಅನ್ನಿಸುತ್ತದೆ. ರೆಕಾರ್ಡಿಂಗ್ ಶುರುವಿನಲ್ಲಿ ಹತ್ತು ಸೆಕೆಂಡ್ ಖಾಲಿ ಕೋಣೆಯ ಸದ್ದು ಹಿಡಿದಿಟ್ಟುಕೊಂಡು ಅದನ್ನೇ ಹಾಕುತ್ತೇನೆ.

ಮೌನಕ್ಕಿಂತ ದನಿ ಜಾಸ್ತಿ ಕೆಲಸ ಮಾಡುತ್ತದೆ. "ಮುಗೀತು" ಅನ್ನುವಾಗ ದನಿ ಪೂರ್ತಿ ಇಳಿಯಬೇಕು. ಹೊಸ ಭಾಗದ ಮೊದಲ ಪದ ಅದಕ್ಕಿಂತ ಸ್ವಲ್ಪ ಮೇಲಿನಿಂದ ಶುರುವಾಗಬೇಕು. ಒಂದೇ ಉಸಿರಲ್ಲಿ ಎರಡನ್ನೂ ಓದಿದರೆ ಇದು ಬರುವುದಿಲ್ಲ. ಅದಕ್ಕೇ ಅಲ್ಲಿ ಕೈಯಿಂದ ಕಾಗದ ಕೆಳಗಿಟ್ಟು, ಉಸಿರು ತಗೊಂಡು, ಮುಂದಿನ ಹಾಳೆ ಎತ್ತಿಕೊಳ್ಳುತ್ತೇನೆ.

ಎಡಿಟ್ ಆದ ಮೇಲೆ ಪರದೆ ನೋಡುತ್ತಾ ಪರೀಕ್ಷೆ ಮಾಡುವುದನ್ನೂ ಬಿಟ್ಟೆ. ಸದ್ದಿನ ಅಲೆಯ ಚಿತ್ರದಲ್ಲಿ ಭಾಗ ಬದಲಾಗುವುದು ಕಣ್ಣಿಗೇ ಕಾಣುತ್ತದಲ್ಲ, ಮತ್ತೆ ಅದೇ ಮೋಸ. ಈಗ ಫೋನಿಗೆ ಹಾಕಿಕೊಂಡು, ಬಟ್ಟೆ ಮಡಚುತ್ತಾ ಒಂದೂವರೆ ವೇಗದಲ್ಲಿ ಕೇಳುತ್ತೇನೆ. ಎಲ್ಲಿ ಕೈ ನಿಂತು "ಇದು ಯಾವುದರ ಬಗ್ಗೆ?" ಅನ್ನಿಸುತ್ತದೋ, ಆ ಸಾಲನ್ನು ಮತ್ತೆ ಬರೆಯುತ್ತೇನೆ.